ಸೂರ್ಯ ತಡವಾಗಿ ಹುಟ್ಟುವುದಿಲ್ಲ

ಹೊಳೆನರಸೀಪುರದಲ್ಲಿ ನಡೆದ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಹತ್ತನೆಯ ತರಗತಿಯ ಮಾನ್ಯಳ ಮಾದರಿಗೆ ಮೊದಲ ಸ್ಥಾನ ಬಂದಾಗ, ತೀರ್ಪುಗಾರರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡದ್ದು ಫಲಕದ ನಾಲ್ಕನೆಯ ಸಾಲನ್ನು. 'ನಾವು ಸೂರ್ಯೋದಯವನ್ನು ನೋಡುವ ಎಂಟು ನಿಮಿಷ ಇಪ್ಪತ್ತು ಸೆಕೆಂಡು ಮೊದಲೇ ಸೂರ್ಯ ನಿಜವಾಗಿ ಹುಟ್ಟಿರುತ್ತಾನೆ' ಎಂಬ ಸಾಲು ಅದು. ಮುಖ್ಯ ತೀರ್ಪುಗಾರರಾಗಿ ಬಂದಿದ್ದ ಪಟ್ಟಾಭಿರಾಮ ಅವರು ಹಾಸನದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಆ ಸಾಲನ್ನು ಅವರು ಮೈಕಿನಲ್ಲಿ ಎರಡು ಸಲ ಓದಿದ್ದರು.

ಸಾಲನ್ನು ಮಾನ್ಯಳಿಗೆ ಕೊಟ್ಟವರು ಹಂಸ ಮಿಸ್. ಹರದನಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ಹಂಸ, ಬಿ.ಎಸ್ಸಿ.ಯಲ್ಲಿ ಪಟ್ಟಾಭಿರಾಮ ಅವರ ವಿದ್ಯಾರ್ಥಿನಿ. ಆ ಸಾಲನ್ನು ಅವರ ಪಾಠದಲ್ಲೇ ಬರೆದುಕೊಂಡಿದ್ದಳು. ನೋಟ್ಸಿನ ಆ ಪುಟ ಇನ್ನೂ ಅವಳ ಬಳಿ ಇತ್ತು.

ಮಾದರಿ ಸರಳವಾದದ್ದು. ಬೆಳಕಿನ ವೇಗವನ್ನು ನಡಿಗೆಯ ವೇಗಕ್ಕೆ ಇಳಿಸಿದರೆ ಸೌರಮಂಡಲ ಎಷ್ಟು ಚಿಕ್ಕದಾಗುತ್ತದೆ ಎಂಬುದು ಪ್ರಶ್ನೆ. ಹತ್ತನೆಯ ತರಗತಿಯ ಮಕ್ಕಳು ಸೆಕೆಂಡಿಗೆ ಎರಡು ಹೆಜ್ಜೆಯಂತೆ, ಹೆಜ್ಜೆಗೆ ಅರವತ್ತು ಸೆಂಟಿಮೀಟರಿನಂತೆ ನಡೆಯುವುದನ್ನು ಎರಡು ವಾರ ಅಭ್ಯಾಸ ಮಾಡಿದ್ದರು. ಆ ಲೆಕ್ಕದಲ್ಲಿ ಒಂದು ಹೆಜ್ಜೆ ಎಂದರೆ ಒಂದೂವರೆ ಲಕ್ಷ ಕಿಲೋಮೀಟರು. ಸೂರ್ಯನಿಂದ ಭೂಮಿಗೆ ಸಾವಿರ ಹೆಜ್ಜೆ, ಆರುನೂರು ಮೀಟರು, ಐನೂರು ಸೆಕೆಂಡು. ಸೂರ್ಯ ಐದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ ವೃತ್ತ. ಮಾನ್ಯಳ ಅಪ್ಪ ರುದ್ರೇಶ ತನ್ನ ಗೊಬ್ಬರದ ಅಂಗಡಿಯ ಹಳೆಯ ತಾಡಪಾಲುಗಳನ್ನು ಕೊಟ್ಟಿದ್ದ, ಅವನ್ನು ಹೊಲಿದು ಹಳದಿ ಬಳಿದಿದ್ದರು. ಭೂಮಿ ನಿಂಬೆಹಣ್ಣಿನಷ್ಟು ದೊಡ್ಡ ಮಣ್ಣಿನ ಉಂಡೆ. ಅದರಿಂದ ಎರಡೂವರೆ ಹೆಜ್ಜೆ ದೂರದಲ್ಲಿ ಒಂದು ಗೋಲಿ, ಅದು ಚಂದ್ರ. ಫಲಕದ ಕೊನೆಯಲ್ಲಿ, ಇದೇ ನಡಿಗೆಯಲ್ಲಿ ಲುಬ್ಧಕ ನಕ್ಷತ್ರದಿಂದ ಇಲ್ಲಿಗೆ ಎಂಟೂವರೆ ವರ್ಷ, ಸ್ವಾತಿಯಿಂದ ಮೂವತ್ತೇಳು ವರ್ಷ, ರೋಹಿಣಿಯಿಂದ ಸುಮಾರು ಅರವತ್ತೈದು ವರ್ಷ ನಿಲ್ಲದೆ ನಡೆಯಬೇಕು ಎಂದು ಬರೆದಿತ್ತು.

ಮಾನ್ಯಳಿಗೆ ಈ ಪ್ರದರ್ಶನ ಬಹುಮಾನಕ್ಕಿಂತ ದೊಡ್ಡ ವಿಷಯವಾಗಿತ್ತು. ಅವಳು ಹತ್ತನೆಯ ತರಗತಿಯ ನಂತರ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ವಿಜ್ಞಾನ ಓದಬೇಕೆಂದುಕೊಂಡಿದ್ದಳು. ರುದ್ರೇಶನಿಗೆ ಅವಳು ಊರಿಗೆ ಹತ್ತಿರದಲ್ಲೇ ಕಾಮರ್ಸ್ ಓದಿ ಅಂಗಡಿ ನೋಡಿಕೊಂಡರೆ ಸಾಕಾಗಿತ್ತು. ಜಗಳವಾಡದ ಮನುಷ್ಯ ಅವನು. ಮಾದರಿ ರಾಜ್ಯ ಮಟ್ಟಕ್ಕೆ ಹೋದರೆ ಹಾಸನ, ಇಲ್ಲವಾದರೆ ಅಂಗಡಿ ಎಂದು ಒಂದು ಷರತ್ತು ಹಾಕಿ ಸುಮ್ಮನಾಗಿದ್ದ. ತಾಲ್ಲೂಕು ಗೆದ್ದಾಯಿತು. ಜಿಲ್ಲೆಯಲ್ಲಿ ಮೊದಲು ಬಂದ ಒಂದೇ ಮಾದರಿ ರಾಜ್ಯಕ್ಕೆ ಹೋಗುತ್ತದೆ. ಜಿಲ್ಲಾ ಪ್ರದರ್ಶನಕ್ಕೆ ಮೂರು ವಾರ ಉಳಿದಿತ್ತು.

ನವೆಂಬರ್ ಕೊನೆಯ ಒಂದು ಸಂಜೆ, ಊಟಕ್ಕೆ ಮುಂಚೆ, ಮಾನ್ಯ ತನ್ನ ತಾತ ಚಂದ್ರಶೇಖರಯ್ಯನಿಗೆ ಅಂಗಳದಿಂದ ರೋಹಿಣಿ ನಕ್ಷತ್ರವನ್ನು ತೋರಿಸಿದಳು. ಪೂರ್ವದಲ್ಲಿ, ತೆಂಗಿನ ಗರಿಗಳ ಸ್ವಲ್ಪ ಮೇಲೆ, ಕೆಂಪಗೆ ಕಾಣುತ್ತಿತ್ತು. ರೋಹಿಣಿ ಮಳೆ ಎಂದು ಜೀವಮಾನವಿಡೀ ಹೇಳಿದ ಮುದುಕ ಆ ಹೆಸರಿನ ನಕ್ಷತ್ರವನ್ನು ಗುರುತಿಟ್ಟು ನೋಡಿದ್ದು ಅದೇ ಮೊದಲು. ಈಗ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟು ಅರವತ್ತೈದು ವರ್ಷವಾಯಿತು ಎಂದು ಅವಳು ವಿವರಿಸಿದಳು. ತನಗೆ ಅರವತ್ತಾರು, ಹಾಗಾದರೆ ತಾನು ಅಂಬೆಗಾಲಿಡುತ್ತಿದ್ದಾಗ ಹೊರಟಿದ್ದೆಂದು ಅವನೇ ಲೆಕ್ಕ ಹಾಕಿಕೊಂಡ. ಆಮೇಲೆ ಅವಳು ಹೆಮ್ಮೆಯಿಂದ ಫಲಕದ ನಾಲ್ಕನೆಯ ಸಾಲನ್ನು ಹೇಳಿದಳು. ಅವನು ಮತ್ತೆ ನಕ್ಷತ್ರದ ಕಡೆ ತಲೆಯೆತ್ತಿ ಕೇಳಿದ.

"ಸೂರ್ಯ ಎಂಟ್ ನಿಮಿಷ ತಡವಾಗಿ ಉಟ್ತಾನೆ ಅಂದ್ರೆ, ಈ ರೋಹಿಣಿ ಅರವತ್ತೈದು ವರ್ಷ ತಡವಾಗಿ ಉಟ್ಟಂಗಾಯ್ತಲ್ಲವ್ವ. ಅಂಗಾದ್ರೆ ಇವತ್ ಮೂಡಿದ್ದು ಯಾವತ್ತಿಂದು?"

ಮಾನ್ಯಳಿಗೆ ತಾತ ಕೀಟಲೆಗೆ ಕೇಳುತ್ತಿದ್ದಾನೆಂದು ಮೊದಲು ಅನ್ನಿಸಿತು. ಊಟ ಮಾಡುವಾಗ ಹಾಗನ್ನಿಸಲಿಲ್ಲ. ಅರವತ್ತೈದು ವರ್ಷದಲ್ಲಿ ಭೂಮಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿರುತ್ತದೆ. ರೋಹಿಣಿಯಿಂದ ಬೆಳಕು ಹೊರಟಾಗ, ಹರದನಹಳ್ಳಿಯ ತೆಂಗಿನ ಮರಗಳ ಮೇಲೆ ತಾನು ಮೂಡುವ ಹೊತ್ತಿಗೆ ಸರಿಯಾಗಿ ಹೊರಡಬೇಕೆಂದು ಅದಕ್ಕೆ ಹೇಗೆ ಗೊತ್ತು?

ಉತ್ತರ ಸಿಕ್ಕಿದ್ದು ಭಾನುವಾರ ಬೆಳಿಗ್ಗೆ ಗದ್ದೆಯಲ್ಲಿ. ಹೇಮಾವತಿ ನಾಲೆಯ ನೀರು ಇನ್ನೂ ನಿಂತಿರಲಿಲ್ಲ. ಚಂದ್ರಶೇಖರಯ್ಯ ಒಂದು ಗದ್ದೆಗೆ ಸಾಕೆನಿಸಿದಾಗ ಗುದ್ದಲಿಯಿಂದ, ನಾಲೆಯ ನೀರು ಒಳಬರುವ ಅದರ ಬಾಯಿಗೆ ಮಣ್ಣು ಹಾಕಿ ಮುಚ್ಚಿ, ಪಕ್ಕದ ಗದ್ದೆಯ ಬಾಯಿ ಕಡಿದ. ಕಡಿದ ತಕ್ಷಣ ನೀರು ಒಳಕ್ಕೆ ಬಂತು. ಬದುವಿನ ಮೇಲೆ ಕುಳಿತಿದ್ದ ಮಾನ್ಯ, ಈ ನೀರು ಗೊರೂರಿನ ಅಣೆಕಟ್ಟೆಯಿಂದ ಯಾವಾಗ ಬಿಟ್ಟದ್ದೆಂದು ಕೇಳಿದಳು. ನಿನ್ನೆಯದೋ ಮೊನ್ನೆಯದೋ ಇರಬೇಕು, ಹಂಗಾಮಿನ ಶುರುವಿನಲ್ಲಿ ಒಣ ನಾಲೆಗೆ ಬಿಟ್ಟಾಗ ಇಲ್ಲಿಗೆ ಬರಲು ಎರಡು ದಿನವಾದರೂ ಹಿಡಿಯುತ್ತದೆ ಎಂದ ತಾತ.

"ಮತ್ತೆ ಈಗ ಬಾಯಿ ಕಡಿದ್ರೆ ಎರಡು ದಿನ ಕಾಯ್ಬೇಕಾಗಿಲ್ವಲ್ಲ ತಾತ?"

"ಯಾಕ್ ಕಾಯ್ಬೇಕು? ನಾಲೇಲಿ ನೀರ್ ಅರೀತಾನೇ ಐತಲ್ಲ. ನಾನ್ ಕಡದಾಗ ಅದೇನ್ ಗೊರೂರಿಂದ ಒರಟು ಬತ್ತದಾ?"

ಮಾನ್ಯ ಎದ್ದು ನಿಂತಳು. ಒಳಗೆ ಬಂದ ನೀರು ಹಳೆಯದು, ಆದರೆ ಬಂದದ್ದು ತಡವಾಗಿ ಅಲ್ಲ. ಫಲಕದಲ್ಲಿ ತಾವು ಇವೆರಡನ್ನೂ ಒಂದೇ ಎಂದು ಬರೆದಿದ್ದರು.

ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಕಾಯುತ್ತಿದ್ದಳು. ಹಂಸ ಮೊದಲು ಒಪ್ಪಲಿಲ್ಲ. ಬೆಳಕು ಬರಲು ಎಂಟು ನಿಮಿಷ ಬೇಕು ಎಂದ ಮೇಲೆ ಕಾಣುವುದೂ ಎಂಟು ನಿಮಿಷ ತಡವಾಗಲೇಬೇಕಲ್ಲ ಎಂದಳು. ಮಾನ್ಯ ನಾಲೆಯ ಮಾತನ್ನು ಹೇಳಿದಳು. ಹೋಲಿಕೆ ಚೆನ್ನಾಗಿದೆ, ಆದರೆ ಹೋಲಿಕೆ ಪುರಾವೆಯಲ್ಲ, ನಾಳೆ ಮಾತಾಡೋಣ ಎಂದು ಹಂಸ ಅವಳನ್ನು ತರಗತಿಗೆ ಕಳಿಸಿದಳು.

ಆ ಸಂಜೆ ಹೊಳೆನರಸೀಪುರದ ಕೋಟೆ ಕಡೆಯ ಮನೆಯಲ್ಲಿ ಹಂಸ ಹಳೆಯ ನೋಟ್ಸು ತೆಗೆದು ಕೂತಳು. ಅವಳಿಗೆ ಒಂದು ಅಭ್ಯಾಸವಿತ್ತು: ಸಂಶಯ ಬಂದರೆ ಚಿತ್ರ ಬರೆಯುವುದು. ಸೂರ್ಯನನ್ನು ಬರೆದಳು, ಭೂಮಿಯನ್ನು ಬರೆದಳು, ಭೂಮಿಯ ಮೇಲೆ ಊರಿಗೆ ಒಂದು ಚುಕ್ಕೆ ಇಟ್ಟಳು. ಸೂರ್ಯ ಹುಟ್ಟುತ್ತಾನೆ ಎನ್ನುವಾಗ ಸೂರ್ಯ ಏನೂ ಮಾಡುವುದಿಲ್ಲ. ಚುಕ್ಕೆ ತಿರುಗಿ, ಆಗಲೇ ಬಂದು ತಲುಪಿರುವ ಬೆಳಕಿನೊಳಕ್ಕೆ ಸೇರಿಕೊಳ್ಳುತ್ತದೆ. ಎಂಟು ನಿಮಿಷದಲ್ಲಿ ತಿರುಗಿದ್ದು ಭೂಮಿಯೇ ಹೊರತು, ಸೂರ್ಯ ಆಕಾಶದಲ್ಲಿ ಎಲ್ಲಿಗೂ ಓಡಿಹೋಗಿಲ್ಲ. ಬೆಳಕು ಬಂದ ದಿಕ್ಕಿನಲ್ಲೇ ಅವನು ಈಗಲೂ ಇದ್ದಾನೆ. ಭೂಮಿ ತನ್ನ ಕಕ್ಷೆಯಲ್ಲಿ ಚಲಿಸುತ್ತಿರುವುದರಿಂದ ಬರುವ ವ್ಯತ್ಯಾಸವನ್ನು ಲೆಕ್ಕ ಹಾಕಿದಳು. ಒಂದೂವರೆ ಸೆಕೆಂಡೂ ಆಗಲಿಲ್ಲ.

ಇನ್ನೊಂದು ಸಂಗತಿ ಅವಳಿಗೆ ಆಮೇಲೆ ನೆನಪಾಯಿತು. ಗಾಳಿ ಬೆಳಕನ್ನು ಬಗ್ಗಿಸುತ್ತದೆ. ದಿಗಂತದಿಂದ ಸ್ವಲ್ಪ ಕೆಳಗಿರುವಾಗಲೇ ಸೂರ್ಯ ನಮಗೆ ಕಾಣಿಸುತ್ತಾನೆ, ಸುಮಾರು ಎರಡು ನಿಮಿಷ ಮೊದಲು. ಇದನ್ನು ಅವಳು ಒಂಬತ್ತನೆಯ ತರಗತಿಗೂ ಹತ್ತನೆಯ ತರಗತಿಗೂ ಪ್ರತಿವರ್ಷ ಹೇಳುತ್ತಿದ್ದಳು. ಒಂದು ಪಾಠದಲ್ಲಿ ಸೂರ್ಯ ಬೇಗ ಕಾಣುತ್ತಾನೆ ಎಂದೂ, ಇನ್ನೊಂದು ಪಾಠದಲ್ಲಿ ತಡವಾಗಿ ಕಾಣುತ್ತಾನೆ ಎಂದೂ ಹನ್ನೊಂದು ವರ್ಷ ಹೇಳಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಮ್ಮೆಯೂ ನೋಡಿರಲಿಲ್ಲ. ಹಂಸ ಪೆನ್ನು ಕೆಳಗಿಟ್ಟಳು. ಹದಿನಾರು ವರ್ಷದ ಹುಡುಗಿ ಗದ್ದೆಯ ಬದುವಿನ ಮೇಲೆ ಕುಳಿತು ಕಂಡದ್ದು ತನಗೆ ನೋಟ್ಸು ಇದ್ದದ್ದರಿಂದಲೇ ಕಾಣಲಿಲ್ಲ ಅನ್ನಿಸಿತು.

ಮರುದಿನ ತಪ್ಪನ್ನು ಒಪ್ಪಿಕೊಂಡಳು. ತೊಡಕು ಬೇರೆ ಕಡೆ ಇತ್ತು. ಪ್ರದರ್ಶನದ ನಿಯಮದ ಪ್ರಕಾರ, ತಾಲ್ಲೂಕಿನಲ್ಲಿ ಆಯ್ಕೆಯಾದ ಮಾದರಿಯ ಫಲಕವನ್ನು ಜಿಲ್ಲೆಗೆ ಒಯ್ಯುವಾಗ ತಿದ್ದಿದರೆ ಐದು ಅಂಕ ಕಡಿತ. ಬೇರೆಯವರಿಂದ ಮಾಡಿಸಿ ತರಬಾರದೆಂದು ಇಟ್ಟ ನಿಯಮ. ಮೇಲಾಗಿ ಜಿಲ್ಲೆಯಲ್ಲೂ ಮುಖ್ಯ ತೀರ್ಪುಗಾರರು ಪಟ್ಟಾಭಿರಾಮ ಅವರೇ, ಮೆಚ್ಚಿದ್ದೂ ಅದೇ ಸಾಲು.

ಹಂಸ ಯೋಚಿಸಿ ಒಂದು ದಾರಿ ಹೇಳಿದಳು. ಸಾಲು ಇದ್ದಲ್ಲೇ ಇರಲಿ. ವಿವರಿಸುವಾಗ ಅದನ್ನು ಓದುವುದು ಬೇಡ. ಯಾರಾದರೂ ಕೇಳಿದರೆ ಸತ್ಯ ಹೇಳು, ಕೇಳದಿದ್ದರೆ ಬಿಡು. ಹೇಳುವಾಗಲೇ ಅವಳಿಗೆ ತನ್ನ ಮಾತು ಇಷ್ಟವಾಗಲಿಲ್ಲ, ಆದರೆ ಹಾಸ್ಟೆಲಿನ ವಿಷಯ ಅವಳಿಗೆ ಗೊತ್ತಿತ್ತು.

ಮಾನ್ಯ ತಲೆ ತಗ್ಗಿಸಿಕೊಂಡೇ ಹೇಳಿದಳು. "ನಾನು ಓದ್ದೆ ಇದ್ರೂ ಬೋರ್ಡಲ್ಲಿ ಇರುತ್ತಲ್ಲ ಮಿಸ್. ನೋಡಕ್ಕೆ ಬಂದ ಮಕ್ಕಳು ಬರ್ಕೊಂಡು ಹೋಗ್ತಾರೆ. ತಾಲ್ಲೂಕಲ್ಲಿ ಎಷ್ಟ್ ಜನ ಬರ್ಕೊಂಡ್ರು."

ಹಂಸ ಮತ್ತೆ ಒತ್ತಾಯಿಸಲಿಲ್ಲ. ಹೊಸ ಫಲಕ ಬರೆಸೋಣವೇ ಎಂದಳು. ಅದಕ್ಕೂ ಹುಡುಗಿ ಒಪ್ಪಲಿಲ್ಲ. ಅಳಿಸಿದರೆ ಹಿಂದೆ ಓದಿದವರಿಗೆ ತಪ್ಪೆಂದು ತಿಳಿಯುವುದಿಲ್ಲ, ಓದಲು ಬರುವಂತೆಯೇ ಅಡ್ಡಗೆರೆ ಎಳೆಯಬೇಕು ಎಂದಳು. ಆ ದಿನವೇ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು, ಕೆಳಗೆ ದುಂಡಗೆ ಬರೆದಳು: 'ಈ ಸಾಲು ತಪ್ಪು. ಏಕೆಂದು ನಮ್ಮನ್ನು ಕೇಳಿ.'

ಐದು ಅಂಕದ ವಿಷಯ ರುದ್ರೇಶನಿಗೆ ತಿಳಿದಾಗ ಅವನು ಶಾಲೆಗೇ ಬಂದ. ಹಂಸಳ ಎದುರು ಗಟ್ಟಿಯಾಗಿ ಮಾತಾಡಲಿಲ್ಲ. ಗೆದ್ದ ಸಾಲಿಗೆ ಯಾರಾದರೂ ಗೀಟು ಹಾಕುತ್ತಾರೆಯೇ ಎಂದಷ್ಟೇ ಕೇಳಿದ. ಮಗಳ ಕಡೆ ತಿರುಗಿ ಷರತ್ತು ನೆನಪಿದೆಯಲ್ಲ ಎಂದ. ನೆನಪಿದೆ ಎಂದಳು ಅವಳು.

ಉಳಿದ ಎರಡು ವಾರ ಮಾನ್ಯ ಒಂದೇ ವಿಷಯದ ಹಿಂದೆ ಬಿದ್ದಳು. ತಪ್ಪೆಂದು ಹೇಳಿದರೆ ಸಾಲದು, ನೋಡಿದವರಿಗೆ ತಾವೇ ನಿಂತು ತಿರುಗಿ ಗೊತ್ತಾಗಬೇಕು. ಹಿಂದಿನ ಮಾದರಿಯಲ್ಲಿ ಒಬ್ಬಳೇ ಹುಡುಗಿ ಸೂರ್ಯನಿಂದ ಹೊರಟು ಸಾವಿರ ಹೆಜ್ಜೆ ನಡೆದು ಬರುತ್ತಿದ್ದಳು. ತಪ್ಪು ಹುಟ್ಟಿದ್ದೇ ಅಲ್ಲಿ ಎಂದು ಮಾನ್ಯಳಿಗೆ ಹೊಳೆಯಿತು. ಒಬ್ಬಳೇ ನಡೆದರೆ ಬೆಳಕು ಬೆಳಿಗ್ಗೆ ಹೊರಟು ಬರುತ್ತದೆ ಎಂದೇ ಅನ್ನಿಸುತ್ತದೆ. ಈಗ ದಾರಿ ತುಂಬಲು ಇಪ್ಪತ್ತೈದು, ತಲುಪಿದವರು ಓಡಿ ವಾಪಸಾಗುವವರೆಗೆ ಇನ್ನು ಮೂವರು, ಒಟ್ಟು ಇಪ್ಪತ್ತೆಂಟು ಮಂದಿ ಬೇಕು. ಇಪ್ಪತ್ತು ಸೆಕೆಂಡಿಗೊಬ್ಬರಂತೆ ಸೂರ್ಯನಿಂದ ಬಿಡುತ್ತಲೇ ಇರಬೇಕು, ಪ್ರತಿಯೊಬ್ಬರ ಕೈಯಲ್ಲಿ ತಾವು ಹೊರಟ ಸಮಯದ ಚೀಟಿ ಇರಬೇಕು. ಮಕ್ಕಳು ಗೊಣಗಿದರು, ನಕ್ಕರು, ಹೆಜ್ಜೆ ತಪ್ಪಿದರು. ಮಾನ್ಯ ಸಂಜೆ ಐದರವರೆಗೆ ಬಿಡಲಿಲ್ಲ. ಅವಳಿಗೆ ಹೆಡ್‌ಮಿಸ್ ಎಂದು ಹೆಸರಿಟ್ಟರು. ಅದಕ್ಕೂ ಅವಳು ತಿರುಗಿ ನೋಡಲಿಲ್ಲ.

ಜಿಲ್ಲಾ ಪ್ರದರ್ಶನದ ದಿನ ಮಕ್ಕಳು ಬಸ್ಸಿನಲ್ಲಿ ಹೋದರು. ಸೂರ್ಯನನ್ನು ಮಡಚಿ ರುದ್ರೇಶನ ಪಿಕಪ್‌ನಲ್ಲಿ ಹಾಕಿಕೊಂಡು ಮಾನ್ಯ, ಹಂಸ ಹಾಸನ ತಲುಪುವ ಹೊತ್ತಿಗೆ ಒಂಬತ್ತು ಗಂಟೆ. ಮೈದಾನ ನೂರಿಪ್ಪತ್ತು ಮೀಟರಿಗಿಂತ ಉದ್ದವಿರಲಿಲ್ಲ. ಸುಣ್ಣದ ಪುಡಿಯಿಂದ ಹಾವಿನಂತೆ ಐದು ಸಾಲು ಎಳೆದು ಆರುನೂರು ಮೀಟರು ಮಾಡಿಕೊಂಡರು. ಬೆಳಕು ನೇರವಾಗಿ ಬರುತ್ತದೆ, ಮಡಿಸಿದ್ದು ಜಾಗ ಸಾಲದೆ ಎಂದು ಒಂದು ರಟ್ಟಿನಲ್ಲಿ ಬರೆದು ನೆಟ್ಟರು. ಒಂದು ಮೂಲೆಯ ಗೋಡೆಗೆ ಸೂರ್ಯ, ಎದುರು ಮೂಲೆಯಲ್ಲಿ ಸ್ಟೂಲಿನ ಮೇಲೆ ಭೂಮಿ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಒಬ್ಬಳು ಮರದ ಕೆಳಗೆ ಮಲಗಿದ್ದಳು. ಇಪ್ಪತ್ತೆಂಟಕ್ಕೆ ಒಬ್ಬರು ಕಡಿಮೆ. ಮಾನ್ಯ ಸುತ್ತ ನೋಡಿ ಅಪ್ಪನ ಹತ್ತಿರ ಹೋದಳು. ರುದ್ರೇಶ ಚಪ್ಪಲಿ ಸರಿಮಾಡಿಕೊಂಡು ಸಾಲಿನ ಕೊನೆಯಲ್ಲಿ ನಿಂತ. ಸೆಕೆಂಡಿಗೆ ಎರಡು ಹೆಜ್ಜೆ ಹೇಗೆ ಇಡಬೇಕೆಂದು ಅವನ ಮುಂದಿದ್ದ ಹುಡುಗ ಕಲಿಸಿಕೊಟ್ಟ.

ಹನ್ನೊಂದು ಗಂಟೆಗೆ ಪಟ್ಟಾಭಿರಾಮ ಇನ್ನಿಬ್ಬರು ತೀರ್ಪುಗಾರರೊಡನೆ ಬಂದರು. ಹಂಸಳನ್ನು ಕಂಡು ಮುಗುಳ್ನಕ್ಕರು. ಫಲಕ ಓದುತ್ತ ನಾಲ್ಕನೆಯ ಸಾಲಿಗೆ ಬಂದು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಈ ಗೆರೆ ಯಾರು ಹೊಡೆದಿದ್ದು?"

"ನಾನು ಸರ್," ಎಂದಳು ಮಾನ್ಯ. "ತಪ್ಪಿತ್ತು."

"ಇದನ್ನ ನಿಮ್ಮ ಮಿಸ್‌ಗೆ ಹೇಳಿಕೊಟ್ಟಿದ್ದೇ ನಾನು, ಗೊತ್ತಾ?"

"ಗೊತ್ತು ಸರ್. ಮಿಸ್ ನೋಟ್ಸ್ ತೋರಿಸಿದ್ರು."

ಉಳಿದಿಬ್ಬರು ತೀರ್ಪುಗಾರರು ಬೇರೆ ಕಡೆ ನೋಡಿದರು. ಹುಡುಗಿ ಪಟ್ಟಾಭಿರಾಮ ಅವರನ್ನು ಸ್ಟೂಲಿನ ಪಕ್ಕಕ್ಕೆ ಕರೆದು, ಭೂಮಿಯ ಮೇಲಿನ ಮನುಷ್ಯ ನೀವೇ ಆಗಬೇಕು, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ, ಈಗ ರಾತ್ರಿ ಎಂದಳು. ಸೀಟಿ ಊದಿದಳು. ಮೈದಾನದ ಆಚೆ ಮೂಲೆಯಿಂದ ಮೊದಲ ಹುಡುಗ ಹೊರಟ. ಇಪ್ಪತ್ತು ಸೆಕೆಂಡಿಗೆ ಇನ್ನೊಬ್ಬಳು. ಎಂಟು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಸುಣ್ಣದ ಐದೂ ಸಾಲುಗಳು ತುಂಬಿದವು. ತಲುಪಿದವರು ಚೀಟಿಯನ್ನು ಪಟ್ಟಾಭಿರಾಮ ಅವರ ಬೆನ್ನ ಹಿಂದೆ ಇದ್ದ ಬುಟ್ಟಿಗೆ ಹಾಕಿ, ಮೈದಾನದ ಅಂಚಿನಲ್ಲಿ ಓಡಿಹೋಗಿ ಮತ್ತೆ ಸೂರ್ಯನ ಬಳಿ ಸೇರಿಕೊಳ್ಳುತ್ತಿದ್ದರು.

ಭೂಮಿ ತಿರುಗಬೇಕು, ನಿಮಗೆ ಬೇಕಾದಾಗ ತಿರುಗಿ, ನಾನು ಹೇಳುವುದಿಲ್ಲ ಎಂದಳು ಮಾನ್ಯ. ಅವರು ಸ್ವಲ್ಪ ಹೊತ್ತು ಬೇಕೆಂದೇ ಕಾದು ಥಟ್ಟನೆ ತಿರುಗಿದರು. ಎದುರಿಗೆ ಒಬ್ಬ ಹುಡುಗಿ ಏಳೆಂಟು ಹೆಜ್ಜೆ ದೂರದಲ್ಲಿದ್ದಳು. ಬಂದು ಕೈಗೆ ಚೀಟಿ ಕೊಟ್ಟಳು.

"ಎಷ್ಟು ಹೊತ್ತು ಕಾದ್ರಿ ಸರ್?"

"ನಾಲ್ಕು ಸೆಕೆಂಡ್ ಇರಬಹುದು. ಅದೂ ನಿಮ್ಮ ಮಕ್ಕಳ ನಡುವೆ ಜಾಗ ಇರೋದ್ರಿಂದ. ಬೆಳಕಿನಲ್ಲಿ ಜಾಗ ಇರಲ್ಲ." ಅವರು ಚೀಟಿಯನ್ನೂ ಗಡಿಯಾರವನ್ನೂ ನೋಡಿದರು. ಚೀಟಿಯಲ್ಲಿದ್ದ ಸಮಯ ಎಂಟು ನಿಮಿಷ ಇಪ್ಪತ್ತು ಸೆಕೆಂಡು ಹಿಂದಿನದು.

"ಚೀಟಿ ಹಳೇದು ಸರ್. ಆದ್ರೆ ನೀವು ಎಂಟು ನಿಮಿಷ ಕಾಯ್ಲಿಲ್ಲ. ನೀವು ತಿರುಗೋಕೆ ಮುಂಚೆನೇ ಅವಳು ದಾರೀಲಿದ್ಳು. ರೋಹಿಣಿ ಆದ್ರೂ ಅಷ್ಟೇ. ಚೀಟಿ ಅರವತ್ತೈದು ವರ್ಷದ್ದು ಇರುತ್ತೆ, ಕಾಯೋದು ಏನೂ ಇರಲ್ಲ."

ಪಟ್ಟಾಭಿರಾಮ ಅಷ್ಟಕ್ಕೇ ಬಿಡುವ ಮನುಷ್ಯರಲ್ಲ. ಹಾಗಾದರೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು ಕಾಯಬೇಕಾದ ಸಂದರ್ಭವೇ ಇಲ್ಲವೇ ಎಂದು ಕೇಳಿದರು. ಇದೆ ಎಂದಳು ಮಾನ್ಯ. ಸೂರ್ಯನಲ್ಲೇ ಏನಾದರೂ ಬದಲಾದರೆ, ಒಂದು ಜ್ವಾಲೆ ಎದ್ದರೆ, ಅಥವಾ ಅವನು ಆರಿಹೋದರೆ. ಎರಡು ಸಲ ಸೀಟಿ ಊದಿದಳು. ಆಚೆ ಮೂಲೆಯಲ್ಲಿ ರುದ್ರೇಶ ಆಗಷ್ಟೇ ಹೊರಟಿದ್ದ. ಅವನ ಹಿಂದೆಯೇ ಮಕ್ಕಳು ಹಳದಿ ತಾಡಪಾಲನ್ನು ಕೆಳಕ್ಕೆ ಬೀಳಿಸಿದರು. ಗೋಡೆ ಬರಿದಾಯಿತು, ಆದರೆ ಸಾಲಿನಲ್ಲಿದ್ದವರು ಅದೇ ಹೆಜ್ಜೆಯಲ್ಲಿ ಬರುತ್ತಲೇ ಇದ್ದರು. ಒಬ್ಬೊಬ್ಬರಾಗಿ ಚೀಟಿ ಕೊಟ್ಟರು. ಉಳಿದ ತೀರ್ಪುಗಾರರು ಮುಂದಿನ ಮಾದರಿಗೆ ಹೋಗೋಣವೆಂದು ಸೂಚಿಸಿದರೂ ಪಟ್ಟಾಭಿರಾಮ ಕದಲಲಿಲ್ಲ. ಬಿಸಿಲಿನಲ್ಲಿ ಪೂರ್ತಿ ಹೊತ್ತು ನಿಂತರು. ಕಟ್ಟಕಡೆಗೆ ಖಾಲಿ ಮೈದಾನದ ಐದನೆಯ ಸಾಲಿನಲ್ಲಿ ರುದ್ರೇಶ ಒಬ್ಬನೇ ತುಟಿಯಲ್ಲಿ ಹೆಜ್ಜೆ ಎಣಿಸುತ್ತ ಬಂದ, ಬೆವರಿನಿಂದ ಒದ್ದೆಯಾದ ಚೀಟಿ ಕೊಟ್ಟ.

"ಇನ್ಮೇಲೆ ಕತ್ತಲೆ ಸರ್," ಎಂದಳು ಮಾನ್ಯ.

ಅವರು ಇನ್ನೊಂದು ಪ್ರಶ್ನೆ ಕೇಳಿದರು. ಸೂರ್ಯೋದಯ ನಿಜಕ್ಕೂ ಕಂಡ ಹೊತ್ತಿಗೇ ಆಗುತ್ತದೆಯೇ? ಇಲ್ಲ, ಗಾಳಿ ಬೆಳಕನ್ನು ಬಗ್ಗಿಸುವುದರಿಂದ ಎರಡು ನಿಮಿಷದಷ್ಟು ಮೊದಲೇ ಕಾಣುತ್ತಾನೆ, ನಾವು ಬರೆದಿದ್ದು ಪೂರ್ತಿ ತಿರುಗುಮುರುಗಾಗಿತ್ತು ಎಂದಳು. ಪಟ್ಟಾಭಿರಾಮ ಅಂಕಪಟ್ಟಿಯಲ್ಲಿ ಬರೆದು, ಹಂಸಳ ಕಡೆ ತಿರುಗಿದರು.

"ಮೂವತ್ತು ವರ್ಷ ಹೇಳಿದೀನಿ ಹಂಸ. ಒಬ್ಬರೂ ಕೇಳಲಿಲ್ಲ." ಅಂಕಪಟ್ಟಿಯ ಮೇಲೆ ಬೆರಳಿಟ್ಟು ಹೇಳಿದರು, "ಫಲಕ ತಿದ್ದಿದ್ದಕ್ಕೆ ಐದು ಅಂಕ ತೆಗೀಲೇಬೇಕು. ತಿದ್ದಿದ್ದು ಸರಿ ಅಂತ ಬಿಟ್ಟರೆ, ನಾಳೆ ಎಲ್ಲರಿಗೂ ಬಿಡಬೇಕಾಗುತ್ತೆ."

ನಾಲ್ಕು ಗಂಟೆಗೆ ಫಲಿತಾಂಶ ಬಂತು. ಹಿರೀಸಾವೆ ಕಡೆಯ ಒಂದು ಶಾಲೆಯ ಮಾದರಿಗೆ ಮೊದಲ ಸ್ಥಾನ. ಮಾನ್ಯಳದು ಎರಡನೆಯದು, ಮೂರು ಅಂಕ ಕಡಿಮೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮಾನ್ಯ ವೇದಿಕೆಗೆ ಹೋಗಿ ಪ್ರಮಾಣಪತ್ರ ತೆಗೆದುಕೊಂಡು ಬಂದು, ನೇರವಾಗಿ ಹೋಗಿ ತಾಡಪಾಲು ಮಡಚತೊಡಗಿದಳು. ಹಂಸ ಪಕ್ಕದಲ್ಲಿ ಕುಳಿತು ಇನ್ನೊಂದು ತುದಿ ಹಿಡಿದಳು.

ಪಿಕಪ್ ಹಾಸನ ದಾಟಿತು. ಮಾನ್ಯ ನಡುವೆ ಕುಳಿತು ರಸ್ತೆ ನೋಡುತ್ತಿದ್ದಳು. ಮೊದಲು ಬಾಯಿಬಿಟ್ಟವನು ರುದ್ರೇಶ.

"ಆ ಐದು ಕಡೀದೆ ಇದ್ದಿದ್ರೆ?"

"ಫಸ್ಟ್ ಬತ್ತಿದ್ವಿ ಅಪ್ಪಾಜಿ. ಎರಡು ಮಾರ್ಕಲ್ಲಿ."

"ಗೀಟಾಕೋವಾಗ ಗೊತ್ತಿತ್ತಾ, ಇಂಗಾಯ್ತದೆ ಅಂತ?"

"ಆಗಬೋದು ಅಂತ ಗೊತ್ತಿತ್ತು."

ರುದ್ರೇಶ ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಗಾಡಿಯನ್ನು ಮತ್ತೆ ರಸ್ತೆಗೆ ಹತ್ತಿಸಿದ. ಮಾನ್ಯ ಅವನು ಮುಂದಿನ ಮಾತು ಆಡುವವರೆಗೆ ಕಾಯಲಿಲ್ಲ.

"ನೀವು ಸ್ಟೇಟಿಗೆ ಹೋದ್ರೆ ಅಂದಿದ್ರಿ. ನಾನು ಹೋಗ್ಲಿಲ್ಲ. ಷರತ್ತಲ್ಲಿ ಸೋತಿದೀನಿ, ಅದನ್ನ ಇಲ್ಲ ಅನ್ನಲ್ಲ. ಆದ್ರೂ ನಾನು ಸೈನ್ಸೇ ಓದೋದು ಅಪ್ಪಾಜಿ. ರಜದಲ್ಲಿ ಅಂಗಡೀಲಿ ಕೂರ್ತೀನಿ. ಕಾಮರ್ಸ್ ಫಾರಂಗೆ ಸಹಿ ಹಾಕು ಅಂದ್ರೆ ಹಾಕಲ್ಲ."

ಹಂಸಳಿಗೆ ಇಂಥ ಹೊತ್ತಿನಲ್ಲಿ ತಾನು ಈ ಗಾಡಿಯಲ್ಲಿ ಇರಬಾರದಿತ್ತು ಅನ್ನಿಸಿತು. ರುದ್ರೇಶನಿಗೆ ಕೋಪ ಬಂದಂತೆ ಕಾಣಲಿಲ್ಲ. ಬಹಳ ಹೊತ್ತು ಏನನ್ನೋ ತೂಗಿ ನೋಡುವವನ ಹಾಗೆ ಗಾಡಿ ಓಡಿಸಿದ. ಆಮೇಲೆ ಮಗಳಿಗಲ್ಲ, ಹಂಸಳಿಗೆ ಎಂಬಂತೆ ಮಾತಾಡಿದ. ಮೈದಾನದಲ್ಲಿ ನಡೆಯುವಾಗ ಮೊದಲ ಇನ್ನೂರು ಹೆಜ್ಜೆ ನಗು ಬರುತ್ತಿತ್ತಂತೆ. ನಡುವೆ ಎಲ್ಲೋ ಒಮ್ಮೆ ಹಿಂದೆ ತಿರುಗಿ ನೋಡಿದರೆ ಗೋಡೆಯ ಮೇಲೆ ಸೂರ್ಯನೇ ಇರಲಿಲ್ಲವಂತೆ. ಆದರೂ ಕೈಯಲ್ಲಿ ಚೀಟಿ ಇದೆಯಲ್ಲ, ತಲುಪಿಸಲೇಬೇಕು ಅನ್ನಿಸಿತಂತೆ.

"ಅಲ್ಲ ಮೇಡಂ, ಆ ದೊಡ್ ಮನುಷ್ಯ ಬಿಸ್ಲಲ್ಲಿ ಎಂಟ್ ನಿಮಿಷ ನನಗೋಸ್ಕರ ನಿಂತ್ಕಂಡಿದ್ರಲ್ಲ. ಇವಳು ನಿಲ್ಸಿದ್ಲು ಅಂತ." ಅವನು ತಲೆಯಾಡಿಸಿದ. "ನಾನ್ ಹಳೇ ಡೇಟಿನ ಬಿತ್ನೆ ಬೀಜ ವಾಪಸ್ ಕಳ್ಸೋವಾಗ ನಮ್ ಅಂಗಡಿ ಪುಟ್ಟಸ್ವಾಮಿ ಅಂತಾನೆ, ಯಾರ್ ನೋಡ್ತಾರೆ ಬಿಡಿ ಅಣ್ಣ ಅಂತ. ನಾನ್ ಬಿಡಲ್ಲ. ಇವಳು ತಪ್ಪಿಗೆ ಗೀಟಾಕಿದ್ದನ್ನ ಬೇಡ ಅನ್ನಕ್ಕೆ ನನಗೆ ಯಾವ ಮಕ ಐತೆ?"

ಮಾನ್ಯ ಅಪ್ಪನ ಕಡೆ ತಿರುಗಿದಳು.

"ಹಾಸನದಲ್ಲಿ ಹೆಣ್ಮಕ್ಕಳ ಹಾಸ್ಟೆಲಿಗೆ ಅರ್ಜಿ ಯಾವಾಗ ಕೊಡ್ತಾರೆ ಮೇಡಂ?" ಎಂದು ರುದ್ರೇಶ ಕೇಳಿದ.

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಕೊಡುತ್ತಾರೆ, ಅಂಕ ಚೆನ್ನಾಗಿರಬೇಕು, ಸೀಟು ಕಡಿಮೆ ಎಂದಳು ಹಂಸ.

"ಎಷ್ಟು ಬೇಕು ಮಿಸ್?" ಎಂದಳು ಮಾನ್ಯ. ನೂರಕ್ಕೆ ತೊಂಬತ್ತರ ಮೇಲಿದ್ದರೆ ಯೋಚನೆಯಿಲ್ಲ ಎಂದು ಹಂಸ ಹೇಳಿದಾಗ, ಅವಳು ಮಡಿಲಲ್ಲಿದ್ದ ಪ್ರಮಾಣಪತ್ರವನ್ನು ಬ್ಯಾಗಿಗೆ ಸೇರಿಸಿ, ಗಣಿತದ ಪುಸ್ತಕ ತೆಗೆದಳು. ಹೊಳೆನರಸೀಪುರಕ್ಕೆ ಇನ್ನೂ ಹದಿನೆಂಟು ಕಿಲೋಮೀಟರು ಇತ್ತು, ಓದುವಷ್ಟು ಬೆಳಕೂ ಇತ್ತು.